ತಪ್ಪು ಅಂಕಿ ಕಳುಹಿಸಿದ ಮೇಲೆ ಬರೆಯಬೇಕಾದ ಪುಟ್ಟ ಪತ್ರ

ಸದಲಗಾ: ಮಳೆಗಾಲ ಬಂತೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳ ನದಿತೀರದ ಜನ ಬೆಳಿಗ್ಗೆ ಎದ್ದೊಡನೆ ಕೇಳುವ ಪ್ರಶ್ನೆ ಒಂದೇ. ಇಂದು ಎಷ್ಟು ಕ್ಯುಸೆಕ್ ನೀರು ಬರುತ್ತಿದೆ? 2019ರ ಆಗಸ್ಟ್ ಹಾಗೂ 2021ರ ಜುಲೈ ತಿಂಗಳ ಪ್ರವಾಹಗಳನ್ನು ಕಂಡವರಿಗೆ ಆ ಅಂಕಿ ಬರಿಯ ಸುದ್ದಿಯಲ್ಲ. ದನಗಳನ್ನು ಕೊಟ್ಟಿಗೆಯಲ್ಲೇ ಬಿಡಬೇಕೋ, ಎತ್ತರದ ಜಾಗಕ್ಕೆ ಸಾಗಿಸಬೇಕೋ ಎಂಬ ತೀರ್ಮಾನ ಅದರ ಮೇಲೆಯೇ ನಿಂತಿರುತ್ತದೆ.

ಅಂಥ ಒಂದು ಅಂಕಿಯನ್ನು ಕೆಲವು ವರ್ಷಗಳ ಹಿಂದೆ ಈ ವರದಿಗಾರನೇ ತಪ್ಪಾಗಿ ಬರೆದು ಇ-ಮೇಲ್ ಮೂಲಕ ಹಲವರಿಗೆ ಕಳುಹಿಸಿದ್ದುಂಟು. ತಪ್ಪು ಯಾರಿಂದಲಾದರೂ ಆಗುತ್ತದೆ. ಆದರೆ ತಪ್ಪು ತಿಳಿದ ಮೇಲೆ ಬರೆಯುವ ಪತ್ರವೂ ಓದುಗರನ್ನು ದಾರಿ ತಪ್ಪಿಸಬಲ್ಲದು ಎಂಬುದು ಅಂದು ಅರಿವಾಯಿತು. ಕಚೇರಿ, ಸಹಕಾರ ಸಂಘ, ಶಾಲೆ, ಕಾರ್ಖಾನೆಗಳಲ್ಲಿ ದಿನನಿತ್ಯ ಅಂಕಿ-ಅಂಶಗಳನ್ನು ಕಳುಹಿಸುವ ಎಲ್ಲರಿಗೂ ಉಪಯೋಗವಾದೀತೆಂದು ಆ ಪ್ರಸಂಗವನ್ನು ಇಲ್ಲಿ ವಿವರಿಸಲಾಗಿದೆ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ದುಂಡಾಗಿಸಿ ಕೊಡಲಾಗಿದೆ.

ಎರಡು ಬಾರಿ ಹರಿದ ದೂಧಗಂಗೆ

ಮೊದಲಿಗೆ ಈ ಲೆಕ್ಕ ಹೇಗೆ ಬರುತ್ತದೆ ಎಂಬುದನ್ನು ತಿಳಿಯಬೇಕು. ಮಹಾರಾಷ್ಟ್ರದ ಶಿರೋಳ ತಾಲ್ಲೂಕಿನಲ್ಲಿರುವ ರಾಜಾಪುರ ಬ್ಯಾರೇಜ್‌ ದಾಟಿ ಕೃಷ್ಣಾ ನದಿ ನಮ್ಮ ಕಡೆಗೆ ಹರಿದು ಬರುತ್ತದೆ. ಇತ್ತ ವೇದಗಂಗೆಯನ್ನು ಕೂಡಿಸಿಕೊಂಡ ದೂಧಗಂಗೆ ಸದಲಗಾ ಬಳಿ ಹರಿದು, ಮುಂದೆ ಕೃಷ್ಣೆಯನ್ನು ಸೇರುತ್ತದೆ. ಆದ್ದರಿಂದ ಬೆಳಗಿನ ವಿವರದಲ್ಲಿ ಸಾಮಾನ್ಯವಾಗಿ ಮೂರು ಅಂಕಿಗಳಿರುತ್ತವೆ: ರಾಜಾಪುರ ಬ್ಯಾರೇಜಿನಿಂದ ಬರುವ ನೀರು, ದೂಧಗಂಗೆಯ ನೀರು, ಇವೆರಡೂ ಸೇರಿದ ಬಳಿಕ ಚಿಕ್ಕೋಡಿ ತಾಲ್ಲೂಕಿನ ಕಲ್ಲೋಳದಲ್ಲಿ ಹರಿಯುವ ನೀರು. ಮೂರನೆಯದು ಮೊದಲ ಎರಡರ ಮೊತ್ತ.

ಅಂದು ರಾಜಾಪುರದ ಅಂಕಿ 1,20,000 ಕ್ಯುಸೆಕ್, ದೂಧಗಂಗೆಯದು 30,000 ಕ್ಯುಸೆಕ್. ಕಲ್ಲೋಳದಲ್ಲಿ 1,50,000 ಕ್ಯುಸೆಕ್. ಈ ವರದಿಗಾರ ಮೂರನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡ. ಬಳಿಕ ಕಲ್ಲೋಳದ ಅಂಕಿಗೆ ದೂಧಗಂಗೆಯ ನೀರು ಇನ್ನೂ ಸೇರಿಲ್ಲವೆಂದು ಭಾವಿಸಿ, ಮತ್ತೊಮ್ಮೆ 30,000 ಕೂಡಿಸಿದ. ‘ಕಲ್ಲೋಳದಲ್ಲಿ 1,80,000 ಕ್ಯುಸೆಕ್’ ಎಂಬ ಪತ್ರ ಬೆಳಿಗ್ಗೆ 8.40ಕ್ಕೆ ಹೊರಟುಹೋಯಿತು. ಅದು ಸುದ್ದಿ ವಿಭಾಗಕ್ಕೆ, ಕೆಳಗಿನ ತಾಲ್ಲೂಕುಗಳ ವರದಿಗಾರರಿಗೆ, ತಮಗೂ ಒಂದು ಪ್ರತಿ ಬೇಕೆಂದು ಕೇಳಿಕೊಂಡಿದ್ದ ನದಿತೀರದ ಹಾಲು ಉತ್ಪಾದಕರ ಸಂಘವೊಂದರ ಕಾರ್ಯದರ್ಶಿಗೆ ತಲುಪಿತು.

ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್ ನೀರು. ದಿನವಿಡೀ 30,000 ಕ್ಯುಸೆಕ್ ಹರಿದರೆ ಎರಡೂವರೆ ಟಿಎಂಸಿ ಅಡಿಗೂ ಹೆಚ್ಚು ನೀರಾಗುತ್ತದೆ. ಅಷ್ಟು ನೀರು ನದಿಯಲ್ಲಿರಲಿಲ್ಲ, ಹಾಳೆಯ ಮೇಲೆ ಮಾತ್ರವಿತ್ತು.

ಸುಮಾರು ಮುಕ್ಕಾಲು ಗಂಟೆಯ ಬಳಿಕ ಅಥಣಿ ಕಡೆಯ ಹಿರಿಯ ವರದಿಗಾರರೊಬ್ಬರು ದೂರವಾಣಿ ಕರೆ ಮಾಡಿದರು. ‘ಏನ್ರೀ, ಇವತ್ತ ದೂಧಗಂಗಾ ಎರಡ ಸಲ ಹರದೈತೇನು?’ ಎಂದು ಅವರು ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಅಷ್ಟರಲ್ಲಿ ಅಂಕಿ ನಮ್ಮ ಪುಟದಲ್ಲಿ ಪ್ರಕಟವಾಗಿತ್ತು. ಸಂಘದ ಕಾರ್ಯದರ್ಶಿಯವರು ಎಮ್ಮೆಗಳನ್ನು ಸಾಗಿಸಲು ಎರಡು ಟ್ರ್ಯಾಕ್ಟರ್‌ಗಳನ್ನು ಗೊತ್ತು ಮಾಡಿದ್ದರು.

ಮೊದಲು ಬರೆದ ಪತ್ರ, ಕಳುಹಿಸದೆ ಉಳಿದದ್ದು

ಗಾಬರಿಯಲ್ಲಿ ಕುಳಿತು ಬರೆದ ಮೊದಲ ಕರಡಿನಲ್ಲಿ ಹದಿನಾಲ್ಕು ಸಾಲುಗಳಿದ್ದವು. ರಾತ್ರಿಯೆಲ್ಲ ವಿದ್ಯುತ್ ಇರಲಿಲ್ಲ, ಮಳೆಯಲ್ಲಿ ತಿರುಗಾಡಿ ನಿದ್ದೆಗೆಟ್ಟಿದ್ದೆ, ಇಂಥ ತಪ್ಪು ಹಿಂದೆಂದೂ ಆಗಿರಲಿಲ್ಲ, ಎಲ್ಲರಲ್ಲೂ ತಲೆಬಾಗಿ ಕ್ಷಮೆ ಕೋರುತ್ತೇನೆ ಎಂದೆಲ್ಲ ಅದರಲ್ಲಿತ್ತು. ಸರಿಯಾದ ಅಂಕಿ ಬರುವುದು ಹನ್ನೊಂದನೆಯ ಸಾಲಿನಲ್ಲಿ. ಅದನ್ನು ಓದಿ ಕೇಳಿದ ಸುದ್ದಿ ಸಂಪಾದಕರು, ‘ನಿಮ್ಮ ನಿದ್ದೆಯ ಲೆಕ್ಕ ಆಮೇಲೆ ನೋಡೋಣ, ನೀರಿನ ಲೆಕ್ಕ ಮೊದಲು ಹೇಳಿ’ ಎಂದರು.

ಎರಡನೆಯ ಕರಡು ಇದಕ್ಕೆ ತದ್ವಿರುದ್ಧ. ‘ಪರಿಷ್ಕೃತ ಅಂಕಿ: ಕಲ್ಲೋಳದಲ್ಲಿ 1,50,000 ಕ್ಯುಸೆಕ್’ ಎಂಬ ಒಂದೇ ಸಾಲು. ನೋಡಲು ಚೊಕ್ಕಟವಾಗಿತ್ತು, ಮುಜುಗರವೂ ಕಡಿಮೆ. ಆದರೆ ಅಪಾಯ ಹೆಚ್ಚಾಗಿ ಇದ್ದದ್ದು ಇದರಲ್ಲೇ.

8.40ಕ್ಕೆ 1,80,000 ಎಂದು ಓದಿದವನು ಒಂದು ಗಂಟೆಯ ಬಳಿಕ 1,50,000 ಎಂದು ಓದಿದರೆ ಏನೆಂದುಕೊಳ್ಳುತ್ತಾನೆ? ನದಿ ಇಳಿಯುತ್ತಿದೆ ಎಂದುಕೊಳ್ಳುತ್ತಾನೆ. ಒಂದು ಗಂಟೆಯಲ್ಲಿ 30,000 ಕ್ಯುಸೆಕ್ ಇಳಿಯಿತೆಂದರೆ ಸಂಜೆಯ ಹೊತ್ತಿಗೆ ಚಿಂತೆಯೇ ಇರದೆಂದು ದನಗಳನ್ನು ಮತ್ತೆ ಕೊಟ್ಟಿಗೆಗೆ ಹೊಡೆದುಕೊಂಡು ಹೋಗುತ್ತಾನೆ. ನಿಜವಾಗಿ ನದಿ ಇಳಿದಿರಲೇ ಇಲ್ಲ, ಹಿಂದಿನ ದಿನಕ್ಕಿಂತ ಏರಿಯೇ ಇತ್ತು. ಹೆಚ್ಚು ಬರೆದ ಅಂಕಿ ಜನರನ್ನು ವೃಥಾ ಓಡಿಸಿತ್ತು. ಅದನ್ನು ಸದ್ದಿಲ್ಲದೆ ಬದಲಿಸುವ ಪತ್ರ ಅವರನ್ನು ಮೈಮರೆಸುತ್ತಿತ್ತು.

ತಿದ್ದುಪಡಿ ಪತ್ರದ ಮುಖ್ಯ ಸೂತ್ರ ಇಲ್ಲಿಯೇ ಇದೆ. ಹೊಸ ಅಂಕಿಯನ್ನು ಕೊಟ್ಟರೆ ಸಾಲದು, ಹಳೆಯ ಅಂಕಿ ತಪ್ಪೆಂದು ಹೆಸರಿಟ್ಟು ಹೇಳಬೇಕು. ‘ಪರಿಷ್ಕೃತ’ ಎಂಬ ಮಾತಿಗೆ ಪರಿಸ್ಥಿತಿ ಬದಲಾಗಿದೆ, ಹೊಸ ಮಾಹಿತಿ ಬಂದಿದೆ ಎಂಬ ಅರ್ಥವಿದೆ. ‘ತಿದ್ದುಪಡಿ’ ಎಂದರೆ ಪರಿಸ್ಥಿತಿ ಮೊದಲಿನಂತೆಯೇ ಇದೆ, ಹೇಳಿದ್ದೇ ತಪ್ಪಾಗಿತ್ತು ಎಂದರ್ಥ. ಕಬ್ಬಿನ ದರವಿರಲಿ, ಪರೀಕ್ಷೆಯ ಅಂಕಗಳಿರಲಿ, ಸಂಘದ ಬಾಕಿ ಪಟ್ಟಿಯಿರಲಿ, ಈ ಎರಡು ಪದಗಳನ್ನು ಅದಲು ಬದಲು ಮಾಡಿದರೆ ಓದುವವನು ಇಲ್ಲದ ಬದಲಾವಣೆಯೊಂದನ್ನು ಕಲ್ಪಿಸಿಕೊಳ್ಳುತ್ತಾನೆ.

ಕೊನೆಗೆ ಹೋದ ಪತ್ರ

ಅಂದು ಕೊನೆಗೆ ಕಳುಹಿಸಿದ ಪತ್ರ ಹೀಗಿತ್ತು:

> ವಿಷಯ: ತಿದ್ದುಪಡಿ: ಕಲ್ಲೋಳದ ಹರಿವು 1,50,000 ಕ್ಯುಸೆಕ್
>
> ಮಾನ್ಯರೇ,
>
> ಇಂದು ಬೆಳಿಗ್ಗೆ 8.40ಕ್ಕೆ ಕಳುಹಿಸಿದ ನದಿ ವಿವರದಲ್ಲಿ ಕಲ್ಲೋಳದ ಹರಿವನ್ನು 1,80,000 ಕ್ಯುಸೆಕ್ ಎಂದು ತಪ್ಪಾಗಿ ಬರೆದಿದ್ದೇನೆ. ಸರಿಯಾದ ಅಂಕಿ 1,50,000 ಕ್ಯುಸೆಕ್. ನದಿ ಇಳಿದಿಲ್ಲ, ಬೆಳಗಿನಿಂದಲೂ ಇದೇ ಅಂಕಿ.
>
> ದೂಧಗಂಗೆಯ 30,000 ಕ್ಯುಸೆಕ್ಕನ್ನು ನಾನು ಎರಡು ಬಾರಿ ಕೂಡಿಸಿದ್ದೆ. ರಾಜಾಪುರ ಹಾಗೂ ದೂಧಗಂಗೆಯ ಅಂಕಿಗಳು ಸರಿಯಾಗಿವೆ.
>
> ದಯವಿಟ್ಟು ಪ್ರಕಟವಾದ ಅಂಕಿಯನ್ನು ಬದಲಿಸಿ. ಹಳೆಯ ಪತ್ರವನ್ನು ಯಾರಿಗಾದರೂ ಕಳುಹಿಸಿದ್ದರೆ ಇದನ್ನೂ ಅವರಿಗೆ ಕಳುಹಿಸಿ.
>
> ತಪ್ಪಿಗಾಗಿ ಕ್ಷಮೆ ಇರಲಿ.

ವಿಷಯದ ಸಾಲಿನಿಂದಲೇ ಆರಂಭಿಸೋಣ. ಅನೇಕರು ಪತ್ರವನ್ನು ತೆರೆಯುವುದಿಲ್ಲ, ಪಟ್ಟಿಯಲ್ಲಿ ಕಾಣುವ ಆ ಒಂದು ಸಾಲನ್ನಷ್ಟೇ ಓದುತ್ತಾರೆ. ಆದ್ದರಿಂದ ‘ತಿದ್ದುಪಡಿ’ ಎಂಬ ಪದ ಮೊದಲು ಬಂದು, ಸರಿಯಾದ ಅಂಕಿ ಅಲ್ಲಿಯೇ ಇರಬೇಕು. ತಪ್ಪು ಅಂಕಿಯನ್ನು ವಿಷಯದ ಸಾಲಿನಲ್ಲಿ ಬರೆಯಬಾರದು. ಅವಸರದಲ್ಲಿ ಓದುವವನ ಕಣ್ಣಿಗೆ ಎರಡು ಅಂಕಿಗಳು ಬಿದ್ದರೆ ಯಾವುದು ಮನಸ್ಸಿನಲ್ಲಿ ಉಳಿದೀತೆಂದು ಹೇಳಲಾಗದು. ‘ಬಹಳ ತುರ್ತು’, ‘ಕ್ಷಮಿಸಿ’ ಎಂಬಂಥ ಮಾತುಗಳಿಗೆ ಅಲ್ಲಿ ಜಾಗವಿಲ್ಲ, ಅವು ಏನನ್ನೂ ತಿಳಿಸುವುದಿಲ್ಲ.

ಪತ್ರದ ಒಳಗೆ ಮೊದಲು ಯಾವ ಪತ್ರ, ಎಷ್ಟು ಗಂಟೆಯದು ಎಂಬುದನ್ನು ಹೇಳಲಾಗಿದೆ. ದಿನಕ್ಕೆ ಮೂರು ವಿವರಗಳು ಹೋಗುವ ಕಡೆ ‘ಹಿಂದಿನ ಪತ್ರ’ ಎಂದರೆ ಯಾವುದು? ಸಮಯವನ್ನು ಬರೆದರೆ ಗೊಂದಲವಿಲ್ಲ. ಅನಂತರ ತಪ್ಪು ಮತ್ತು ಸರಿ, ಎರಡೂ ಅಕ್ಕಪಕ್ಕದಲ್ಲಿ, ಒಂದೇ ಮಾನದಲ್ಲಿವೆ. ತಪ್ಪನ್ನು ಕ್ಯುಸೆಕ್‌ನಲ್ಲಿ ಹೇಳಿ ಸರಿಯನ್ನು ಟಿಎಂಸಿಯಲ್ಲಿ ಹೇಳಿದರೆ ಓದುವವನೇ ಲೆಕ್ಕ ಹಾಕಬೇಕಾಗುತ್ತದೆ.

ಕಾರಣಕ್ಕೆ ಒಂದೇ ವಾಕ್ಯ ಸಾಕು. ಆದರೆ ಆ ವಾಕ್ಯ ಬೇಕೇ ಬೇಕು. ದೂಧಗಂಗೆಯನ್ನು ಎರಡು ಬಾರಿ ಕೂಡಿಸಿದ್ದೇ ತಪ್ಪಿನ ಕಾರಣವೆಂದು ತಿಳಿದಾಗ ಓದುಗನು ಉಳಿದ ಎರಡು ಅಂಕಿಗಳನ್ನು ನಂಬಬಹುದೆಂದು ತಾನೇ ತೀರ್ಮಾನಿಸಬಲ್ಲ. ಕಾರಣ ತಿಳಿಸದಿದ್ದರೆ ಇಡೀ ವಿವರವೇ ಸಂಶಯಕ್ಕೆ ಒಳಗಾಗುತ್ತದೆ. ಅಂದರೆ ಕಾರಣವನ್ನು ಬರೆಯುವುದು ನಮ್ಮ ಸಮರ್ಥನೆಗಾಗಿ ಅಲ್ಲ, ತಪ್ಪು ಎಲ್ಲಿಯವರೆಗೆ ಹರಡಿದೆ ಎಂದು ಗಡಿ ಹಾಕುವುದಕ್ಕಾಗಿ. ನಿದ್ದೆಗೆಟ್ಟದ್ದು, ವಿದ್ಯುತ್ ಹೋದದ್ದು ಇವು ನಿಜವೇ ಆಗಿದ್ದರೂ ಆ ಗಡಿಯನ್ನು ತೋರಿಸುವುದಿಲ್ಲ, ಆದ್ದರಿಂದ ಅವು ಬೇಡ.

ನಮ್ಮ ಕಚೇರಿಗಳ ಭಾಷೆಯಲ್ಲಿ ಇಂಥ ಹೊತ್ತಿಗೆಂದೇ ಸಿದ್ಧವಾದ ಕೆಲವು ಮಾತುಗಳಿವೆ. ‘ಕಣ್ತಪ್ಪಿನಿಂದಾಗಿ ತಪ್ಪು ಅಂಕಿ ನಮೂದಾಗಿರುತ್ತದೆ’, ‘ತಾಂತ್ರಿಕ ದೋಷದಿಂದ ವ್ಯತ್ಯಾಸ ಉಂಟಾಗಿದೆ’. ಇವುಗಳಲ್ಲಿ ಮಾಡಿದವನೇ ಇಲ್ಲ. ಕಣ್ಣು ತಪ್ಪಿತು, ಯಂತ್ರ ತಪ್ಪಿತು, ಅಂಕಿ ತಾನಾಗಿಯೇ ನಮೂದಾಯಿತು. ‘ನಾನು ಎರಡು ಬಾರಿ ಕೂಡಿಸಿದ್ದೆ’ ಎಂಬ ಮಾತು ಇವಕ್ಕಿಂತ ಚಿಕ್ಕದು, ಸ್ಪಷ್ಟವಾದದ್ದು. ಯಾರನ್ನು ಕೇಳಿದರೆ ವಿವರ ಸಿಕ್ಕೀತೆಂಬುದೂ ಅದರಿಂದಲೇ ತಿಳಿಯುತ್ತದೆ. ಕ್ಷಮೆಯ ಸಾಲು ಕೊನೆಯಲ್ಲಿ ಒಮ್ಮೆ ಬಂದರೆ ಸಾಕು. ಮೂರು ಬಾರಿ ಕ್ಷಮೆ ಕೇಳಿದರೆ ಓದುವವನು ‘ಇರಲಿ ಬಿಡಿ’ ಎಂದು ಸಮಾಧಾನದ ಉತ್ತರ ಬರೆಯಬೇಕಾಗುತ್ತದೆ. ಆ ಹೊತ್ತಿಗೆ ಅವನಿಗೆ ಬೇರೆ ಕೆಲಸವಿರುತ್ತದೆ.

ಯಾರಿಗೆ, ಎಷ್ಟು ಬೇಗ?

ತಪ್ಪು ಪತ್ರ ಯಾರಿಗೆಲ್ಲ ಹೋಗಿತ್ತೋ ಅವರೆಲ್ಲರಿಗೂ ತಿದ್ದುಪಡಿ ಹೋಗಬೇಕು. ಇದು ಸುಲಭವೆಂದು ತೋರಿದರೂ ಎಡವುವವರು ಬಹಳ. ತಪ್ಪನ್ನು ತೋರಿಸಿಕೊಟ್ಟವರಿಗಷ್ಟೇ ಉತ್ತರ ಬರೆದು ಸುಮ್ಮನಾಗುವುದು ಸಾಮಾನ್ಯ. ಅವರಿಗೆ ಸರಿಯಾದ ಅಂಕಿ ಮೊದಲೇ ಗೊತ್ತು! ಗೊತ್ತಿಲ್ಲದವರು ಉಳಿದವರು. ಕಳುಹಿಸಿದ ಪತ್ರಗಳ ಪೆಟ್ಟಿಗೆಯಿಂದ ಹಳೆಯ ಪತ್ರವನ್ನು ತೆರೆದು, ವಿಳಾಸಗಳನ್ನು ಒಂದೊಂದಾಗಿ ತಾಳೆ ನೋಡಬೇಕು. ಗುಪ್ತ ಪ್ರತಿಯಾಗಿ, ಅಂದರೆ Bcc ಸಾಲಿನಲ್ಲಿ ಹಾಕಿದ್ದವರನ್ನು ಮರೆಯುವ ಸಂಭವ ಹೆಚ್ಚು. ಅಂದು ಹಾಲು ಸಂಘದ ಕಾರ್ಯದರ್ಶಿಯವರ ವಿಳಾಸ ಇದ್ದದ್ದು ಅಲ್ಲಿಯೇ.

ಹಳೆಯ ಪತ್ರಕ್ಕೇ ಉತ್ತರವಾಗಿ ಬರೆಯಬೇಕೇ, ಹೊಸ ಪತ್ರ ಬರೆಯಬೇಕೇ ಎಂಬ ಪ್ರಶ್ನೆ ಏಳುತ್ತದೆ. ಉತ್ತರವಾಗಿ ಬರೆದರೆ ತಪ್ಪು ಅಂಕಿಯುಳ್ಳ ಹಳೆಯ ಪತ್ರ ಕೆಳಗೆ ಹಾಗೆಯೇ ಅಂಟಿಕೊಂಡು ಬರುತ್ತದೆ. ಅವಸರದಲ್ಲಿ ಯಾರಾದರೂ ಅಲ್ಲಿಂದಲೇ ಅಂಕಿಯನ್ನು ನಕಲು ಮಾಡಿಕೊಂಡಾರು. ಜಿ-ಮೇಲ್‌ನಲ್ಲಿ ವಿಷಯದ ಸಾಲನ್ನು ಬದಲಿಸಿದರೆ ಪತ್ರ ಹಳೆಯ ಸರಣಿಯಿಂದ ಬೇರ್ಪಟ್ಟು ಹೊಸದಾಗಿ ಕಾಣುತ್ತದೆ. ತಿದ್ದುಪಡಿಗೆ ಇದೇ ಅನುಕೂಲ. ವಿಷಯದ ಸಾಲನ್ನು ಬದಲಿಸಿ, ಕೆಳಗಿನ ಹಳೆಯ ಪಠ್ಯವನ್ನು ಅಳಿಸಿ, ಅದರ ಸಮಯವನ್ನು ಮಾತ್ರ ಉಲ್ಲೇಖಿಸಿದರೆ ಆಯಿತು. ಮುಂದೆ ಹುಡುಕುವವರಿಗೆ ಎರಡೂ ಸಿಗಲೆಂದು ‘ಕಲ್ಲೋಳದ ಹರಿವು’ ಎಂಬ ಮಾತು ಎರಡೂ ಪತ್ರಗಳ ವಿಷಯದಲ್ಲಿ ಇರುವಂತೆ ನೋಡಿಕೊಳ್ಳಬೇಕು.

ಬೇಗ ಎಂದರೆ ಎಷ್ಟು ಬೇಗ? ಸರಿಯಾದ ಅಂಕಿ ಕೈಯಲ್ಲಿದ್ದರೆ ಕೂಡಲೇ. ಅಂದು ಅದು ಹಾಳೆಯ ಮೇಲೆಯೇ ಇತ್ತು. ಆದರೆ ಕೆಲವೊಮ್ಮೆ ತಪ್ಪೆಂಬುದು ಮಾತ್ರ ತಿಳಿದಿರುತ್ತದೆ, ಸರಿ ಯಾವುದೆಂದು ತಿಳಿಯಲು ಹೊತ್ತು ಬೇಕಾಗುತ್ತದೆ. ಆಗ ಊಹೆಯ ಅಂಕಿಯನ್ನು ಕೊಡುವುದಕ್ಕಿಂತ ಎರಡು ಸಾಲಿನ ತಡೆಪತ್ರ ಮೇಲು: ‘8.40ರ ವಿವರದಲ್ಲಿ ಕಲ್ಲೋಳದ ಅಂಕಿ ತಪ್ಪಾಗಿದೆ, ದಯವಿಟ್ಟು ಬಳಸಬೇಡಿ. ಸರಿಯಾದ ಅಂಕಿಯನ್ನು 10.30ರೊಳಗೆ ಕಳುಹಿಸುತ್ತೇನೆ.’ ಹೇಳಿದ ಹೊತ್ತಿಗೆ ಅಂಕಿ ಸಿಗದಿದ್ದರೂ ಆ ಹೊತ್ತಿಗೆ ಒಂದು ಸಾಲು ಹೋಗಲೇಬೇಕು. ತಿದ್ದುಪಡಿಯಲ್ಲೂ ತಪ್ಪಾಗಿ, ಮತ್ತೊಂದು ತಿದ್ದುಪಡಿ ಕಳುಹಿಸಬೇಕಾಗಿ ಬಂದರೆ ಮೂರನೆಯ ಪತ್ರವನ್ನು ಯಾರೂ ನಂಬುವುದಿಲ್ಲ. ಆದ್ದರಿಂದ ಕಳುಹಿಸುವ ಮುನ್ನ ಎರಡು ನಿಮಿಷ ತೆಗೆದುಕೊಂಡು ತಾಳೆ ನೋಡುವುದು ವಿಳಂಬವಲ್ಲ.

ನಮ್ಮ ನದಿ ವಿವರದಲ್ಲಿ ಆ ತಾಳೆ ಬಹಳ ಸುಲಭ. ರಾಜಾಪುರದ ಅಂಕಿಗೆ ದೂಧಗಂಗೆಯ ಅಂಕಿಯನ್ನು ಕೂಡಿಸಿದಾಗ ಕಲ್ಲೋಳದ ಅಂಕಿ ಬರಬೇಕು. ಹೆಚ್ಚು ಬಂದಿದ್ದು, ಆ ಹೆಚ್ಚಳ ದೂಧಗಂಗೆಯ ಅಂಕಿಗೆ ಸಮವಾಗಿದ್ದರೆ ಎರಡು ಬಾರಿ ಕೂಡಿಸಿದ್ದೇವೆಂದು ತಿಳಿಯಬೇಕು. ಹತ್ತು ಪಟ್ಟು ವ್ಯತ್ಯಾಸವಿದ್ದರೆ ಒಂದು ಸೊನ್ನೆ ಹೆಚ್ಚೋ ಕಡಿಮೆಯೋ ಆಗಿರುತ್ತದೆ.

ತಪ್ಪು ಕಡತ ಹೋದರೆ

ಅಂಕಿಯ ಬದಲು ಕಡತವೇ ತಪ್ಪಾಗಿ ಹೋದಾಗ ಪತ್ರದ ರೂಪ ಹೆಚ್ಚೇನೂ ಬದಲಾಗದು. ನಿನ್ನೆಯ ಪಟ್ಟಿ ಹೋಗಿದ್ದರೆ ‘ಬೆಳಿಗ್ಗೆ ಲಗತ್ತಿಸಿದ್ದು ನಿನ್ನೆಯ ಪಟ್ಟಿ. ಇಂದಿನದು ಈ ಪತ್ರದೊಂದಿಗಿದೆ, ಹಿಂದಿನದನ್ನು ಬಳಸಬೇಡಿ’ ಎಂದರೆ ಸಾಕು. ಗಮನಿಸಬೇಕಾದದ್ದು ಕಡತದ ಹೆಸರು. ಎರಡಕ್ಕೂ ಒಂದೇ ಹೆಸರಿದ್ದರೆ ಪಡೆದವರ ಗಣಕಯಂತ್ರದಲ್ಲಿ ಒಂದೇ ಹೆಸರಿನ ಎರಡು ಕಡತಗಳು ಕುಳಿತು, ಯಾವುದು ಸರಿಯೆಂದು ತಿಳಿಯದಾಗುತ್ತದೆ. ಹೊಸ ಕಡತದ ಹೆಸರಿನಲ್ಲಿಯೇ ದಿನಾಂಕವನ್ನೂ ‘ತಿದ್ದುಪಡಿ’ ಎಂಬ ಪದವನ್ನೂ ಸೇರಿಸಬೇಕು. ಕಳುಹಿಸುವ ಮುನ್ನ ಪತ್ರಕ್ಕೆ ಅಂಟಿಸಿದ ಕಡತವನ್ನೇ ತೆರೆದು ನೋಡಬೇಕು. ಗಣಕಯಂತ್ರದಲ್ಲಿರುವ ಮೂಲವನ್ನು ನೋಡಿ ಸಮಾಧಾನಪಟ್ಟರೆ ಪ್ರಯೋಜನವಿಲ್ಲ. ಅವಸರದ ತಿದ್ದುಪಡಿಯಲ್ಲಿ ಅದೇ ತಪ್ಪು ಕಡತ ಮತ್ತೊಮ್ಮೆ ಹೋಗುವುದು, ಅಥವಾ ಕಡತವೇ ಇಲ್ಲದೆ ಪತ್ರ ಹೋಗುವುದು ಅಪರೂಪವಲ್ಲ.

ಆದರೆ ಹೋದ ಕಡತದಲ್ಲಿ ಬೇರೆಯವರ ಖಾಸಗಿ ವಿವರಗಳಿದ್ದರೆ ಮಾತು ಬೇರೆ. ಸಂಘವೊಂದರಿಂದ ಸದಸ್ಯರಿಗೆ ಸಭೆಯ ಸೂಚನೆ ಹೋಗಬೇಕಾದ ಕಡೆ, ಕಬ್ಬು ಬೆಳೆಗಾರರ ಬ್ಯಾಂಕ್ ಖಾತೆ ಸಂಖ್ಯೆಗಳ ಪಟ್ಟಿ ಹೋಯಿತೆನ್ನಿ. ಇಲ್ಲಿ ‘ಸರಿಯಾದ ಕಡತ ಲಗತ್ತಿಸಿದೆ’ ಎಂದು ಬರೆದು ಮುಗಿಸುವಂತಿಲ್ಲ. ಪಡೆದವರಿಗೆ ಮೂರು ಮಾತು ಹೇಳಬೇಕು: ತೆರೆಯಬೇಡಿ, ಯಾರಿಗೂ ಕಳುಹಿಸಬೇಡಿ, ಅಳಿಸಿ ‘ಅಳಿಸಿದ್ದೇನೆ’ ಎಂದು ಉತ್ತರ ಬರೆಯಿರಿ. ಆ ಕಡತದಲ್ಲಿ ಏನಿದೆಯೆಂದು ಪತ್ರದಲ್ಲಿ ವರ್ಣಿಸಬಾರದು. ವರ್ಣಿಸಿದರೆ ಅದುವರೆಗೆ ತೆರೆಯದಿದ್ದವರಿಗೂ ಕುತೂಹಲ ಹುಟ್ಟುತ್ತದೆ. ಅದಕ್ಕೂ ಮೊದಲು ತಮ್ಮ ಮೇಲಿನವರಿಗೆ ತಿಳಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಆಕಸ್ಮಿಕವಾಗಿ ವಿವರ ಬಯಲಾಗುವುದನ್ನೂ ದತ್ತಾಂಶ ಉಲ್ಲಂಘನೆಯೆಂದೇ ಪರಿಗಣಿಸುತ್ತದೆ. ಹೀಗಾಗಿ ಪಟ್ಟಿಯಲ್ಲಿ ಹೆಸರಿರುವವರಿಗೆ ತಿಳಿಸುವ ಹೊಣೆ ಸಂಸ್ಥೆಯದು. ಅದನ್ನು ಗುಮಾಸ್ತರೊಬ್ಬರು ತಾವೇ ನಿಭಾಯಿಸಲು ಹೋಗಬಾರದು.

ಕಡತದಲ್ಲಿ ಕಾಣದಿರುವುದೂ ಇರಬಹುದು ಎಂಬುದಕ್ಕೆ ಬ್ರಿಟನ್ನಿನ ಒಂದು ಪ್ರಕರಣ ಸಾಕ್ಷಿ. 2022ರ ಫೆಬ್ರುವರಿಯಲ್ಲಿ ಅಲ್ಲಿನ ರಕ್ಷಣಾ ಸಿಬ್ಬಂದಿಯೊಬ್ಬರು ಅಫ್ಗಾನಿಸ್ತಾನದ ಅರ್ಜಿದಾರರ ಕೆಲವೇ ಹೆಸರುಗಳಿವೆಯೆಂದು ನಂಬಿ ಒಂದು ಕಡತವನ್ನು ಇ-ಮೇಲ್ ಮಾಡಿದರು. ಅದರೊಳಗೆ ಮರೆಯಾಗಿದ್ದದ್ದು ಸುಮಾರು 19,000 ಜನರ ವಿವರ. ತಾಲಿಬಾನಿಗಳ ಕೈಗೆ ಸಿಕ್ಕರೆ ಜೀವಕ್ಕೇ ಅಪಾಯವಿದ್ದವರ ಪಟ್ಟಿ ಅದು. ಈ ಸಂಗತಿ ಸಾರ್ವಜನಿಕವಾದದ್ದು 2025ರ ಜುಲೈನಲ್ಲಿ. ಪಟ್ಟಿಯ ಒಂದು ಭಾಗವನ್ನಷ್ಟೇ ಕಳುಹಿಸಬೇಕಾದಾಗ ಉಳಿದದ್ದನ್ನು ಮರೆಮಾಡಿದರೆ ಸಾಲದು. ಬೇಕಾದ ಸಾಲುಗಳನ್ನು ಹೊಸ ಕಡತಕ್ಕೆ ನಕಲು ಮಾಡಿ ಅದನ್ನೇ ಕಳುಹಿಸಬೇಕು.

ಕಳುಹಿಸಿದ್ದನ್ನು ಹಿಂದಕ್ಕೆ ಪಡೆಯಬಹುದಲ್ಲ ಎಂದು ಕೇಳುವವರಿದ್ದಾರೆ. ಜಿ-ಮೇಲ್‌ನ Undo Send ಸೌಲಭ್ಯಕ್ಕೆ ಹೆಚ್ಚೆಂದರೆ 30 ಸೆಕೆಂಡುಗಳ ಅವಕಾಶವಿದೆ. ನಿಜವಾಗಿ ಅದು ಪತ್ರವನ್ನು ಹಿಂದಕ್ಕೆ ತರುವುದಿಲ್ಲ, ಅಷ್ಟು ಹೊತ್ತು ಕಳುಹಿಸದೆ ತಡೆದಿಟ್ಟಿರುತ್ತದೆ. ಔಟ್‌ಲುಕ್‌ನ ಹಿಂಪಡೆಯುವ ಸೌಲಭ್ಯ ಒಂದೇ ಸಂಸ್ಥೆಯ ಒಳಗಿನ ಪತ್ರಗಳಿಗೆ ಮೀಸಲು. ಹೊರಗಿನವರಿಗೆ ಹೋದ ಪತ್ರ ಹೋದದ್ದೇ.

ಪತ್ರದಿಂದ ಆಗದ ಕೆಲಸ

ಮೊದಲಿನ ಪ್ರಸಂಗಕ್ಕೆ ಮರಳಿದರೆ, ಆ ತಿದ್ದುಪಡಿ ಪತ್ರ 9.50ಕ್ಕೆ ಹೋಯಿತು. ಪುಟದಲ್ಲಿ ಅಂಕಿಯನ್ನು ಬದಲಿಸಿ, ಮೊದಲು ತಪ್ಪಾಗಿ ಪ್ರಕಟವಾಗಿತ್ತು ಎಂಬ ಒಂದು ಸಾಲನ್ನೂ ಸಮಯವನ್ನೂ ಕೆಳಗೆ ಸೇರಿಸಲಾಯಿತು. ಆದರೆ ಹಾಲು ಸಂಘದ ಕಾರ್ಯದರ್ಶಿಯವರು ಆ ಹೊತ್ತಿನಲ್ಲಿ ಇ-ಮೇಲ್ ನೋಡುತ್ತ ಕುಳಿತಿರಲಿಲ್ಲ, ದನಗಳ ಬಳಿ ಇದ್ದರು. ಅವರಿಗೆ ದೂರವಾಣಿಯಲ್ಲೇ ಹೇಳಬೇಕಾಯಿತು. ತಪ್ಪು ಅಂಕಿಯ ಮೇಲೆ ಯಾರಾದರೂ ಈಗಾಗಲೇ ಕೆಲಸಕ್ಕೆ ಇಳಿದಿರುವ ಸಾಧ್ಯತೆಯಿದ್ದರೆ ಮೊದಲು ಕರೆ, ಬಳಿಕ ಪತ್ರ. ಪತ್ರ ದಾಖಲೆಗೆ, ಕರೆ ಮನುಷ್ಯರಿಗೆ.

ಅವರು ಸಿಟ್ಟಾಗಲಿಲ್ಲ. ‘ಹೆಚ್ಚ ಹೇಳಿದ್ರಿ, ಚಲೋ ಆತು, ಕಡಿಮಿ ಹೇಳಿದ್ರ ಏನ ಮಾಡೋದಿತ್ತು?’ ಎಂದರು. ಎಂಟು ಎಮ್ಮೆಗಳು ಆಗಲೇ ಎತ್ತರದ ಶಾಲೆಯ ಬಯಲು ಸೇರಿದ್ದವು. ನೀರು ಏರುವ ದಿನಗಳಾದ್ದರಿಂದ ಅವನ್ನು ಅಲ್ಲಿಯೇ ಬಿಡುವುದಾಗಿ ಹೇಳಿದರು. ಒಂದು ಟ್ರ್ಯಾಕ್ಟರಿನ ಬಾಡಿಗೆ ಮಾತ್ರ ವೃಥಾ ಹೋಯಿತು.

ಎಲ್ಲ ತಪ್ಪುಗಳಿಗೂ ತಿದ್ದುಪಡಿ ಪತ್ರ ಬೇಕೆಂದೇನೂ ಇಲ್ಲ. ಒತ್ತಕ್ಷರ ಬಿಟ್ಟುಹೋಗಿದ್ದರೆ, ವಾಕ್ಯ ಸರಿಯಿಲ್ಲದಿದ್ದರೆ ಇನ್ನೊಂದು ಪತ್ರ ಬರೆದು ಹತ್ತು ಜನರ ಹೊತ್ತು ಹಾಳು ಮಾಡಬೇಕಿಲ್ಲ. ಆ ತಪ್ಪನ್ನು ನಂಬಿ ಯಾರಾದರೂ ಏನನ್ನಾದರೂ ಬೇರೆ ರೀತಿ ಮಾಡುವರೇ ಎಂದು ಕೇಳಿಕೊಂಡರೆ ಉತ್ತರ ತಾನಾಗಿಯೇ ಸಿಗುತ್ತದೆ. ಮಾಡುವರೆಂದಾದರೆ ಬರೆಯಲೇಬೇಕು.

ಆ ದಿನದಿಂದ ಈ ವರದಿಗಾರನ ಹಾಳೆಯಲ್ಲಿ ಕಲ್ಲೋಳದ ಅಂಕಿಯ ಪಕ್ಕ ‘ದೂಧಗಂಗಾ ಸೇರಿ’ ಎಂಬ ಎರಡು ಪದಗಳಿರುತ್ತವೆ. ಕಳುಹಿಸುವ ಪತ್ರದಲ್ಲೂ ಅವು ಹಾಗೆಯೇ ಹೋಗುತ್ತವೆ.